ನಾಟಿಕೋಳಿಗೆ ಲಸಿಕೆ: ಮರಿಯ ವಯಸ್ಸೇ ಪಂಚಾಂಗ

ಹಿತ್ತಿಲಿನ ನಾಟಿಕೋಳಿಗಳನ್ನು ಒಮ್ಮೆಗೇ ಗುಂಪುಗುಂಪಾಗಿ ಬಲಿತೆಗೆದುಕೊಳ್ಳುವ ವೈರಾಣು ರೋಗಗಳಲ್ಲಿ ಮೊದಲ ಸ್ಥಾನ ರಾಣಿಖೇತ್ ರೋಗದ್ದು. ಕನ್ನಡನಾಡಿನಲ್ಲಿ ಕೊಕ್ಕರೆ ರೋಗವೆಂದು ಕರೆಯಲಾಗುವ ಇದು ತಗುಲಿದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಸಿರು ಮಿಶ್ರಿತ ಬಿಳಿ ಹಿಕ್ಕೆ ಹಾಕುತ್ತದೆ, ಬದುಕುಳಿದರೂ ಹಲವು ಸಲ ಕತ್ತು ತಿರುಚಿಕೊಂಡು ನಿಲ್ಲುತ್ತದೆ. ಇದಕ್ಕೆ ಔಷಧಿಯಿಲ್ಲದ ಕಾರಣ ಲಸಿಕೆಯೊಂದೇ ರಕ್ಷಣೆ. ಆ ಲಸಿಕೆ ಫಲಿಸುವುದು ಬಿಡುವುದು ಬಹುಮಟ್ಟಿಗೆ ಅದನ್ನು ಮರಿಯ ಯಾವ ವಯಸ್ಸಿನಲ್ಲಿ ಕೊಡಲಾಯಿತು ಎಂಬುದನ್ನು ಅವಲಂಬಿಸಿದೆ.

ಈ ರೋಗಕ್ಕೆ ಎರಡು ಬಗೆಯ ಜೀವಂತ ಲಸಿಕೆಗಳು, ಅಂದರೆ ರೋಗದ ವೈರಾಣುವಿನ ದುರ್ಬಲ ತಳಿಗಳಿಂದ ತಯಾರಿಸಿದ ಲಸಿಕೆಗಳು, ಬಳಕೆಯಲ್ಲಿವೆ. ಎಫ್ ಮತ್ತು ಲಸೋಟ ಎಂಬ ತಳಿಗಳದು ಸೌಮ್ಯ ಲಸಿಕೆಯಾದ್ದರಿಂದ ಅದನ್ನು ಎಳೆಯ ಮರಿಯೂ ತಾಳಿಕೊಳ್ಳುತ್ತದೆ. ಮುಕ್ತೇಶ್ವರ ತಳಿಯೆಂದೂ ಹೆಸರಾದ ಆರ್‌2ಬಿ ಲಸಿಕೆ ಹೆಚ್ಚು ಬಿರುಸಿನದು. ಅದರಿಂದ ದೊರೆಯುವ ರಕ್ಷಣೆ ಗಟ್ಟಿಯಾದರೂ, ಆರು ವಾರ ತುಂಬದ ಮರಿಗೆ ಚುಚ್ಚಿದರೆ ಲಸಿಕೆಯೇ ಕಾಲಿನ ಪಾರ್ಶ್ವವಾಯುವಿಗೂ ಸಾವಿಗೂ ಕಾರಣವಾಗಬಹುದು. ಆದ್ದರಿಂದಲೇ ಸೌಮ್ಯ ಲಸಿಕೆಯಿಂದ ದೇಹವನ್ನು ಮೊದಲು ಸಿದ್ಧಗೊಳಿಸಿ, ಬಿರುಸಿನದನ್ನು ಅನಂತರ ಕೊಡುವ ಕ್ರಮ ರೂಢಿಗೆ ಬಂದಿದೆ.

ಜನವರಿ 1ರಂದು ಹೇಂಟೆಯೊಂದು 10 ಮರಿ ಮಾಡಿತೆಂದು ಇಟ್ಟುಕೊಂಡರೆ ಈ ಕ್ರಮ ಸ್ಪಷ್ಟವಾಗುತ್ತದೆ. ಏಳು ದಿನ ತುಂಬುವ ಜನವರಿ 8ರಂದು ಪ್ರತಿ ಮರಿಯ ಒಂದು ಕಣ್ಣಿಗೆ ಸೌಮ್ಯ ಲಸಿಕೆಯ ಒಂದು ಹನಿ ಬೀಳಬೇಕು. ತಾಯಿಗೆ ಮೊದಲೇ ಲಸಿಕೆಯಾಗಿದ್ದರೆ ಅದರ ರೋಗನಿರೋಧಕ ಅಂಶಗಳು ಮೊಟ್ಟೆಯ ಹಳದಿಯ ಮೂಲಕ ಮರಿಗೆ ಇಳಿದು ಬಂದಿರುತ್ತವೆ. ಅವು ಕೆಲವು ವಾರ ಮರಿಯನ್ನು ಕಾಯುವುದರ ಜೊತೆಗೆ ಲಸಿಕೆಯ ವೈರಾಣುವನ್ನೂ ಒಂದಿಷ್ಟು ಅಡಗಿಸುವುದರಿಂದ, ಈ ಮೊದಲ ಹನಿಯ ಫಲ ಹೆಚ್ಚು ಕಾಲ ಬಾಳುವುದಿಲ್ಲ. ಆ ಕೊರತೆಯನ್ನು ತುಂಬಲು ನಾಲ್ಕು ವಾರ ತುಂಬುವ ಜನವರಿ 29ರಂದು ಅದೇ ಬಗೆಯ ಹನಿಯನ್ನು ಮತ್ತೊಮ್ಮೆ ಹಾಕಬೇಕು.

ಫಾರಂಗಳಲ್ಲಿ ಎರಡನೆಯ ಸರದಿಯನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೊಡುವುದುಂಟು. ಆದರೆ ಹಿತ್ತಿಲಲ್ಲಿ ಮೇಯುವ ಕೋಳಿ ಬಚ್ಚಲ ಮೋರಿಯಲ್ಲೂ ನೀರು ಕುಡಿದು ಬರುವುದರಿಂದ ಯಾವುದಕ್ಕೆ ಎಷ್ಟು ಲಸಿಕೆ ಸೇರಿತೆಂದು ತಿಳಿಯುವುದಿಲ್ಲ. ನಲ್ಲಿ ನೀರಿನ ಕ್ಲೋರಿನ್ ವೈರಾಣುವನ್ನೇ ಕೊಂದುಬಿಡುತ್ತದೆ. ಸಂಜೆ ಗೂಡು ಸೇರಿದ ಮೇಲೆ ಒಂದೊಂದಾಗಿ ಹಿಡಿದು ಕಣ್ಣಿಗೆ ಹನಿ ಹಾಕಿ, ಅದು ಒಳಗೆ ಇಳಿಯುವವರೆಗೆ ಬಿಡದಿರುವುದೇ ನಾಟಿಕೋಳಿಗೆ ಹೊಂದುವ ವಿಧಾನ.

ಆರು ವಾರ ತುಂಬುವ ಫೆಬ್ರುವರಿ 12ರಂದು ಕೋಳಿ ಸಿಡುಬಿನ ಸರದಿ. ಸೊಳ್ಳೆಗಳಿಂದಲೂ ಹರಡುವ ಈ ರೋಗ ಜುಟ್ಟು, ಕಣ್ಣು ಮತ್ತು ಕೊಕ್ಕಿನ ಸುತ್ತ ಗಂಟುಗಳನ್ನು ಎಬ್ಬಿಸುತ್ತದೆ. ಇದರ ಲಸಿಕೆಯಲ್ಲಿ ಅದ್ದಿದ ಎರಡು ಮೊನೆಯ ಸೂಜಿಯಿಂದ ರೆಕ್ಕೆಯ ತೆಳುಚರ್ಮವನ್ನು ಚುಚ್ಚಲಾಗುತ್ತದೆ. ಲಸಿಕೆ ಹತ್ತಿತೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುವುದು ಇದರ ವಿಶೇಷ: ಏಳರಿಂದ ಹತ್ತು ದಿನಗಳಲ್ಲಿ ಚುಚ್ಚಿದ ಜಾಗದಲ್ಲಿ ಸಣ್ಣ ಊತ ಅಥವಾ ಹಕ್ಕಳೆ ಇದ್ದರೆ ಹತ್ತಿದೆ, ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಮತ್ತೆ ಹಾಕಬೇಕಾಗುತ್ತದೆ.

ಎರಡು ವಾರಗಳ ಅಂತರ ಬಿಟ್ಟು, ಎಂಟು ವಾರ ತುಂಬುವ ಫೆಬ್ರುವರಿ 26ರಂದು ಆರ್‌2ಬಿ ಲಸಿಕೆಯ ಅರ್ಧ ಮಿಲಿಲೀಟರನ್ನು ಚರ್ಮದಡಿಗೆ ಚುಚ್ಚಲಾಗುತ್ತದೆ. ಹೊಟ್ಟೆಹುಳು ತುಂಬಿ ಸೊರಗಿದ ಕೋಳಿಯಲ್ಲಿ ಪ್ರತಿರೋಧ ಸರಿಯಾಗಿ ಬೆಳೆಯದ ಕಾರಣ ಒಂದು ವಾರ ಮೊದಲೇ ಜಂತುನಾಶಕ ಕೊಟ್ಟಿರಬೇಕು, ಜಡವಾಗಿ ಕುಳಿತ ಕೋಳಿಗೆ ಚುಚ್ಚಬಾರದು. ರೋಗದ ಹಾವಳಿ ಇರುವೆಡೆ ಪಶುವೈದ್ಯರ ಸಲಹೆಯಂತೆ ಸುಮಾರು ಆರು ತಿಂಗಳಿಗೊಮ್ಮೆ ಲಸಿಕೆಯನ್ನು ಮರುಕಳಿಸಲಾಗುತ್ತದೆ.

ಕ್ರಮ ತಿಳಿದಿದ್ದೂ ಲಸಿಕೆ ಸೋಲುವುದು ಹೆಚ್ಚಾಗಿ ಬಿಸಿಯಿಂದ. ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು, ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ತಂದು, ಅದರ ಜೊತೆಗೆ ಬರುವ ದ್ರಾವಣದಲ್ಲಿ ಕಲಸಿದ ಮೇಲೆ ಎರಡು ಗಂಟೆಗಳೊಳಗೆ ಮುಗಿಸಬೇಕು. ಉಳಿದದ್ದು ನಾಳೆಗೆ ಬಾರದು, ಅದನ್ನು ಕುದಿಸಿ ಚೆಲ್ಲಬೇಕು. ಸೀಸೆಯೊಂದರಲ್ಲಿ ಸಾಮಾನ್ಯವಾಗಿ 100 ಅಥವಾ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುವಾಗ 10 ಮರಿಗಳ ಮನೆಗೆ ಅದು ದುಂದೆನಿಸಿ, ಹಲವರು ಲಸಿಕೆಯನ್ನೇ ಕೈಬಿಡುತ್ತಾರೆ. ಹತ್ತು ಮನೆಗಳ ಹೇಂಟೆಗಳನ್ನು ಒಂದೇ ವಾರದಲ್ಲಿ ಕಾವಿಗೆ ಕೂರಿಸಿದರೆ ಮರಿಗಳ ವಯಸ್ಸು ಒಂದಾಗಿ, ಒಂದು ಸೀಸೆ ಇಡೀ ಕೇರಿಗೆ ಸಾಲುತ್ತದೆ. ಬೇಲಿ ದಾಟಿ ಒಟ್ಟಿಗೆ ಮೇಯುವ ಕೋಳಿಗಳಿಗೆ ರಕ್ಷಣೆಯೂ ಒಟ್ಟಿಗೇ ದೊರೆಯುತ್ತದೆ.