ಸೈಕಲ್ಲಿಗೊಂದು ಸೂಚನೆ: ಪೈಪ್‌ಲೈನ್ ಎಲ್ಲಿ ತಡೆದು ನಿಲ್ಲುತ್ತದೆ?

ಕಂಪ್ಯೂಟರಿನ ಪ್ರೊಸೆಸರ್ ಒಂದು ಸೂಚನೆಯನ್ನು ಹಲವು ಹಂತಗಳಲ್ಲಿ ಮುಗಿಸುತ್ತದೆ. 1981ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಹೆನೆಸಿ ಅವರ ತಂಡ ಆರಂಭಿಸಿದ ಮಿಪ್ಸ್ ಯೋಜನೆಯಿಂದ ಬೆಳೆದುಬಂದ ಪ್ರೊಸೆಸರ್‌ಗಳಲ್ಲಿ ಇಂಥ ಐದು ಹಂತಗಳ ವಿನ್ಯಾಸ ಪ್ರಸಿದ್ಧವಾಯಿತು. ಮೊದಲ ಹಂತದಲ್ಲಿ ಸೂಚನೆಯನ್ನು ಮೆಮೊರಿಯಿಂದ ತರಲಾಗುತ್ತದೆ. ಎರಡನೆಯದರಲ್ಲಿ ಅದು ಯಾವ ಕೆಲಸವೆಂದು ಗುರುತಿಸಿ, ಬೇಕಾದ ರಿಜಿಸ್ಟರ್‌ಗಳನ್ನು ಓದಿಕೊಳ್ಳಲಾಗುತ್ತದೆ. ಮೂರನೆಯದು ಲೆಕ್ಕದ ಹಂತ. ನಾಲ್ಕನೆಯದರಲ್ಲಿ ಅಗತ್ಯವಿದ್ದರೆ ಡೇಟಾ ಮೆಮೊರಿಯನ್ನು ಓದುವುದೋ ಅದಕ್ಕೆ ಬರೆಯುವುದೋ ನಡೆಯುತ್ತದೆ. ಐದನೆಯದರಲ್ಲಿ ಫಲಿತಾಂಶ ರಿಜಿಸ್ಟರಿಗೆ ಸೇರುತ್ತದೆ.

ಪ್ರತಿ ಹಂತಕ್ಕೂ ಬೇರೆ ಬೇರೆ ಸರ್ಕ್ಯೂಟ್ ಇರುವುದರಿಂದ ಒಂದು ಸೂಚನೆ ಐದೂ ಹಂತ ದಾಟುವವರೆಗೆ ಮುಂದಿನದು ಕಾಯಬೇಕಿಲ್ಲ. ಮೊದಲನೆಯದು ಎರಡನೇ ಹಂತಕ್ಕೆ ಹೋದೊಡನೆ ಇನ್ನೊಂದು ಒಳಗೆ ಬರುತ್ತದೆ. ಇದೇ ಪೈಪ್‌ಲೈನ್. ಒಂದು ಹಂತಕ್ಕೆ 200 ಪಿಕೊಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ ಪ್ರತಿ ಸೂಚನೆಯ ಪಯಣ ಈಗಲೂ 1000 ಪಿಕೊಸೆಕೆಂಡಿನದೇ. ಆದರೆ ಪೈಪ್‌ಲೈನ್ ತುಂಬಿದ ಮೇಲೆ 200 ಪಿಕೊಸೆಕೆಂಡಿಗೊಮ್ಮೆ, ಎಂದರೆ ಪ್ರತಿ ಕ್ಲಾಕ್ ಸೈಕಲ್ಲಿಗೂ, ಒಂದೊಂದು ಸೂಚನೆ ಮುಗಿದು ಹೊರಬೀಳುತ್ತದೆ. ಒಂದು ಸೂಚನೆಗೆ ಸರಾಸರಿ ಎಷ್ಟು ಸೈಕಲ್ ಖರ್ಚಾಯಿತು ಎಂಬ ಅಳತೆಗೆ ಸಿಪಿಐ ಎಂದು ಹೆಸರು. ಈ ಪೈಪ್‌ಲೈನಿನ ಆದರ್ಶ ಸಿಪಿಐ 1.

ಸೂಚನೆಗಳು ಒಂದನ್ನೊಂದು ನೆಚ್ಚಿಕೊಂಡಿರುವಾಗ ಈ ಆದರ್ಶ ಕೆಡುತ್ತದೆ. ಈ ನಾಲ್ಕು ಸಾಲುಗಳನ್ನು ನೋಡಬಹುದು:

```
lw   $t0, 0($a0)
add  $t1, $t0, $t2
sub  $t3, $t1, $t4
or   $t5, $t6, $t7
```

`lw` ಮೆಮೊರಿಯಿಂದ ಒಂದು ಸಂಖ್ಯೆಯನ್ನು `$t0` ರಿಜಿಸ್ಟರಿಗೆ ತರುತ್ತದೆ. `add` ಅದನ್ನು ಬಳಸಿ `$t1` ಅನ್ನು ಲೆಕ್ಕಹಾಕುತ್ತದೆ. `sub` ಸೂಚನೆಗೆ ಆ `$t1` ಬೇಕು. `or` ಮಾತ್ರ ಯಾರ ಹಂಗಿಗೂ ಒಳಗಾಗಿಲ್ಲ. `lw` ತನ್ನ ಫಲಿತಾಂಶವನ್ನು ರಿಜಿಸ್ಟರಿಗೆ ಬರೆಯುವುದು 5ನೇ ಸೈಕಲ್ಲಿನಲ್ಲಿ. ಅದರ ಬೆನ್ನಿಗೇ ಬರುವ `add` ರಿಜಿಸ್ಟರ್ ಓದುವ ಸರದಿ 3ನೇ ಸೈಕಲ್ಲಿನಲ್ಲಿ. ಆಗ ಓದಿದರೆ ಸಿಗುವುದು `$t0`ದಲ್ಲಿ ಮೊದಲೇ ಇದ್ದ ಹಳೆಯ ಸಂಖ್ಯೆ. ಪ್ರೊಗ್ರಾಂ ನಿಲ್ಲದೆ ಮುಂದುವರಿಯುತ್ತದೆ, ಉತ್ತರ ಮಾತ್ರ ತಪ್ಪಾಗಿರುತ್ತದೆ. ಹೀಗೆ ಮೌಲ್ಯ ಸಿದ್ಧವಾಗುವ ಮೊದಲೇ ಅದನ್ನು ಓದುವ ಪ್ರಸಂಗವೇ ಡೇಟಾ ಹಜಾರ್ಡ್.

ಇದಕ್ಕೆ ಅತಿ ಸರಳ ಪರಿಹಾರ ತಡೆದು ನಿಲ್ಲಿಸುವುದು, ಅಂದರೆ ಸ್ಟಾಲ್. `add` ಎರಡನೇ ಹಂತದಲ್ಲಿದ್ದಾಗ, ಅದಕ್ಕೆ ಬೇಕಾದ ರಿಜಿಸ್ಟರಿನ ಸಂಖ್ಯೆ ಮುಂದಿರುವ ಸೂಚನೆಗಳು ಬರೆಯಲಿರುವ ರಿಜಿಸ್ಟರಿನ ಸಂಖ್ಯೆಯೊಂದಿಗೆ ಹೊಂದುತ್ತದೆಯೇ ಎಂದು ಒಂದು ಸರ್ಕ್ಯೂಟ್ ಹೋಲಿಸಿ ನೋಡುತ್ತದೆ. ಹೊಂದಿದರೆ `add` ಮತ್ತು ಅದರ ಹಿಂದಿನ ಸೂಚನೆ ಇದ್ದಲ್ಲೇ ನಿಲ್ಲುತ್ತವೆ. ಮುಂದಿನ ಹಂತಕ್ಕೆ ಏನೂ ಮಾಡದ ಖಾಲಿ ಸ್ಥಾನವೊಂದು ಹೋಗುತ್ತದೆ. ಇದನ್ನು ಬಬಲ್ ಎನ್ನುತ್ತಾರೆ. ರಿಜಿಸ್ಟರಿಗೆ ಬರೆಯುವ ಕೆಲಸ ಸೈಕಲ್ಲಿನ ಮೊದಲರ್ಧದಲ್ಲಿ, ಓದುವ ಕೆಲಸ ಉತ್ತರಾರ್ಧದಲ್ಲಿ ನಡೆಯುವಂತೆ ವಿನ್ಯಾಸವಿದ್ದರೆ, `add` 5ನೇ ಸೈಕಲ್ಲಿನಲ್ಲೇ ಸರಿಯಾದ `$t0` ಅನ್ನು ಓದಬಲ್ಲದು. ಆದರೂ ಎರಡು ಸೈಕಲ್ ಹಾಳಾದವು. `sub` ಕೂಡ `add`ಗಾಗಿ ಹೀಗೆಯೇ ಎರಡು ಸೈಕಲ್ ಕಾಯುತ್ತದೆ. ಅಡೆತಡೆಯಿಲ್ಲದಿದ್ದರೆ 8 ಸೈಕಲ್ಲಿನಲ್ಲಿ ಮುಗಿಯಬೇಕಿದ್ದ ನಾಲ್ಕು ಸೂಚನೆಗಳಿಗೆ 12 ಸೈಕಲ್ ಬೇಕಾಗುತ್ತದೆ.

`add` ಮತ್ತು `sub` ನಡುವಿನ ಈ ಕಾಯುವಿಕೆ ನಿಜವಾಗಿ ಅನಗತ್ಯ. `add`ನ ಉತ್ತರ ರಿಜಿಸ್ಟರಿಗೆ ಸೇರುವುದು ಐದನೇ ಹಂತದಲ್ಲಾದರೂ, ಅದು ಹುಟ್ಟುವುದು ಮೂರನೇ ಹಂತದ ಕೊನೆಗೇ. ಆಮೇಲೆ ಅದು ಹಂತಗಳ ನಡುವಣ ತಾತ್ಕಾಲಿಕ ಸಂಗ್ರಹದಲ್ಲಿ ಕುಳಿತು ಮುಂದೆ ಸಾಗುತ್ತಿರುತ್ತದೆ. ಅಲ್ಲಿಂದ ಲೆಕ್ಕದ ಘಟಕದ ಬಾಗಿಲಿಗೆ ನೇರ ತಂತಿಯೊಂದನ್ನು ಎಳೆದರೆ `sub` ರಿಜಿಸ್ಟರಿನ ದಾರಿ ಕಾಯಬೇಕಾಗಿಲ್ಲ. ಈ ಅಡ್ಡದಾರಿಯೇ ಫಾರ್ವರ್ಡಿಂಗ್. ಇಲ್ಲೂ ರಿಜಿಸ್ಟರ್ ಸಂಖ್ಯೆಗಳನ್ನು ಹೋಲಿಸುವ ಸರ್ಕ್ಯೂಟೇ ತೀರ್ಮಾನಿಸಬೇಕು: ರಿಜಿಸ್ಟರಿನಿಂದ ಓದಿದ ಮೌಲ್ಯವೋ, ಒಂದು ಹಂತ ಮುಂದಿರುವ ಸೂಚನೆಯದೋ, ಎರಡು ಹಂತ ಮುಂದಿರುವುದರದೋ? ಮುಂದಿರುವ ಎರಡೂ ಸೂಚನೆಗಳು ಒಂದೇ ರಿಜಿಸ್ಟರಿಗೆ ಬರೆಯುತ್ತಿದ್ದರೆ ಹತ್ತಿರದ್ದನ್ನೇ ಆರಿಸಬೇಕು. ಏಕೆಂದರೆ ಪ್ರೊಗ್ರಾಮಿನ ಕ್ರಮದಲ್ಲಿ ಅದೇ ಹೊಸ ಮೌಲ್ಯ.

ಆದರೆ `lw` ಮತ್ತು `add` ನಡುವಿನ ತೊಡಕು ಇಷ್ಟಕ್ಕೆ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. `lw` ತರುವ ಮೌಲ್ಯ ಮೆಮೊರಿಯಿಂದ ಕೈಗೆ ಸಿಗುವುದು ನಾಲ್ಕನೇ ಹಂತದ, ಎಂದರೆ 4ನೇ ಸೈಕಲ್ಲಿನ, ಕೊನೆಗೆ. `add` ಲೆಕ್ಕ ಶುರುಮಾಡಬೇಕಾದದ್ದು ಅದೇ 4ನೇ ಸೈಕಲ್ಲಿನ ಆರಂಭದಲ್ಲಿ. ಇನ್ನೂ ಬಾರದ ಮೌಲ್ಯವನ್ನು ಯಾವ ತಂತಿಯೂ ತಲುಪಿಸಲಾರದು. ಹಾಗಾಗಿ ಒಂದು ಸೈಕಲ್ ಸ್ಟಾಲ್ ಅನಿವಾರ್ಯ, ಆಮೇಲೆ ಫಾರ್ವರ್ಡಿಂಗ್. ಒಟ್ಟು 9 ಸೈಕಲ್.

ಈ ಒಂದು ಸೈಕಲ್ಲನ್ನೂ ಉಳಿಸುವ ಉಪಾಯ ಕಂಪೈಲರ್ ಕೈಯಲ್ಲಿದೆ. ಸ್ವತಂತ್ರವಾದ `or` ಅನ್ನು ಮೇಲೆತ್ತಿ `lw` ಮತ್ತು `add` ನಡುವೆ ಇಟ್ಟರೆ, ಬಬಲ್ ಇರಬೇಕಿದ್ದ ಜಾಗದಲ್ಲಿ ಉಪಯುಕ್ತ ಕೆಲಸ ನಡೆಯುತ್ತದೆ. ಉತ್ತರಗಳು ಬದಲಾಗುವುದಿಲ್ಲ, ಮತ್ತೆ 8 ಸೈಕಲ್ಲಿಗೆ ಎಲ್ಲವೂ ಮುಗಿಯುತ್ತದೆ.

ಪೈಪ್‌ಲೈನ್ ತುಂಬಲು ಆರಂಭದಲ್ಲಿ ಹಿಡಿಯುವ 4 ಸೈಕಲ್‌ಗಳಿಂದಾಗಿ ಚಿಕ್ಕ ತುಣುಕಿನ ಸಿಪಿಐ ದಾರಿ ತಪ್ಪಿಸುತ್ತದೆ. ಇದೇ ನಾಲ್ಕು ಸಾಲು 1000 ಬಾರಿ ಒಂದರ ಹಿಂದೊಂದು ಬಂದರೆ ಚಿತ್ರ ಸ್ಪಷ್ಟವಾಗುತ್ತದೆ. ಬರೀ ಸ್ಟಾಲ್ ಇದ್ದಾಗ 4000 ಸೂಚನೆಗಳಿಗೆ 8004 ಸೈಕಲ್, ಸಿಪಿಐ ಸುಮಾರು 2. ಫಾರ್ವರ್ಡಿಂಗ್ ಇದ್ದರೆ 5004 ಸೈಕಲ್, ಸಿಪಿಐ 1.25. ಸೂಚನೆಗಳ ಕ್ರಮವನ್ನೂ ಬದಲಿಸಿದರೆ 4004 ಸೈಕಲ್, ಸಿಪಿಐ ಹೆಚ್ಚುಕಡಿಮೆ 1. ಲೆಕ್ಕದ ಸೂತ್ರ ಇಷ್ಟೇ: 1ಕ್ಕೆ, ಒಂದು ಸೂಚನೆಗೆ ಸರಾಸರಿ ಬೀಳುವ ಸ್ಟಾಲ್ ಸೈಕಲ್‌ಗಳನ್ನು ಕೂಡಿಸುವುದು. ಉದಾಹರಣೆಗೆ ಪ್ರೊಗ್ರಾಮಿನ ಶೇ. 25 ಸೂಚನೆಗಳು `lw` ಆಗಿದ್ದು, ಅವುಗಳಲ್ಲಿ ಶೇ. 40ರ ಬೆನ್ನಿಗೇ ಅದರ ಮೌಲ್ಯ ಬಯಸುವ ಸೂಚನೆ ಬಂದರೆ, ಸ್ಟಾಲ್ 0.25 × 0.40 × 1 = 0.1. ಸಿಪಿಐ 1.1.

ಆದರೆ ಸಿಪಿಐ ಒಂದನ್ನೇ ನೋಡಿ ವೇಗ ಅಳೆಯುವಂತಿಲ್ಲ. ಮಿಪ್ಸ್‌ನ ಆರಂಭದ ವ್ಯಾಪಾರಿ ಪ್ರೊಸೆಸರ್ ಆರ್2000ದಲ್ಲಿ `lw` ನಂತರ ತಾನಾಗಿ ತಡೆದು ನಿಲ್ಲಿಸುವ ಏರ್ಪಾಡು ಇರಲಿಲ್ಲ. `lw` ಆದ ಕೂಡಲೇ ಬರುವ ಸೂಚನೆ ಆ ಮೌಲ್ಯವನ್ನು ಮುಟ್ಟಕೂಡದು ಎಂಬುದೇ ನಿಯಮ. ನಡುವೆ ಇಡಲು ಬೇರೆ ಕೆಲಸ ಸಿಗದಿದ್ದರೆ ಏನನ್ನೂ ಮಾಡದ `nop` ಸೂಚನೆಯನ್ನು ತುಂಬಬೇಕಿತ್ತು. ಮೇಲಿನ ತುಣುಕಿನಲ್ಲಿ `or` ಅನ್ನು ಕದಲಿಸದೆ `nop` ಸೇರಿಸಿದರೆ ಸೂಚನೆಗಳು ಐದಾಗುತ್ತವೆ, ಪ್ರತಿಯೊಂದಕ್ಕೂ ಒಂದೇ ಸೈಕಲ್. ಸಿಪಿಐ 1 ಎಂದು ತೋರಿಸುತ್ತದೆ. ಆದರೆ ಸಮಯ, ನಾಲ್ಕು ಸೂಚನೆಗೆ ಒಂದು ಸ್ಟಾಲ್ ಇದ್ದಾಗ ಹಿಡಿದಷ್ಟೇ. ಒಟ್ಟು ಸಮಯ ತಿಳಿಯಲು ಸೂಚನೆಗಳ ಸಂಖ್ಯೆ, ಸಿಪಿಐ ಮತ್ತು ಒಂದು ಸೈಕಲ್ಲಿನ ಅವಧಿ ಮೂರನ್ನೂ ಗುಣಿಸಬೇಕು. ಮಿಪ್ಸ್‌ನ ಮುಂದಿನ ಪೀಳಿಗೆಗಳಲ್ಲಿ ಈ ತಡೆಯುವ ಹೊಣೆ ಹಾರ್ಡ್‌ವೇರಿಗೇ ಬಂತು.

ಈ ಲೆಕ್ಕವೆಲ್ಲ ಮೆಮೊರಿ ಒಂದೇ ಸೈಕಲ್ಲಿನಲ್ಲಿ ಉತ್ತರ ಕೊಡುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಬೇಕಾದ ಮೌಲ್ಯ ಕ್ಯಾಶ್‌ನಲ್ಲಿ ಇಲ್ಲದಿದ್ದರೆ `lw` ಒಂದರಿಂದಲೇ ಹತ್ತಾರು ಸೈಕಲ್ ಸ್ಟಾಲ್ ಬೀಳಬಹುದು, ಅದನ್ನು ಫಾರ್ವರ್ಡಿಂಗ್ ತಗ್ಗಿಸಲಾರದು. ಕವಲೊಡೆಯುವ ಸೂಚನೆಗಳು ತರುವ ತಡೆಯೂ ಬೇರೆಯದೇ. ಅವೆರಡರ ಸೈಕಲ್‌ಗಳನ್ನೂ ಸೇರಿಸಿದ ಮೇಲೆಯೇ ನಿಜವಾದ ಪ್ರೊಗ್ರಾಮಿನ ಸಿಪಿಐ ಸಿಗುತ್ತದೆ.