ಹನ್ನೆರಡು ಚದರದಲ್ಲಿ ಏಳೇ ಚದರ!

ಹೋದ ತಿಂಗಳು ಮಗ ಒಂದು ಫ್ಲ್ಯಾಟಿನ ಬಣ್ಣದ ಕರಪತ್ರ ತಂದು ಮೇಜಿನ ಮೇಲಿಟ್ಟ. ಎರಡು ಬೆಡ್‌ರೂಮು, 1200 ಚದರ ಅಡಿ, ಅಡಿಗೆ 6,500 ರೂಪಾಯಿ, ಒಟ್ಟು 78 ಲಕ್ಷ. ‘ಹನ್ನೆರಡು ಚದರ! ಧಾರಾಳವಾಯಿತು ಬಿಡು’ ಎಂದಳು ನನ್ನ ಹೆಂಡತಿ. ನಮ್ಮ ಕಾಲದವರಿಗೆ ನೂರು ಚದರ ಅಡಿ ಎಂದರೆ ಒಂದು ಚದರ. ಹನ್ನೆರಡು ಚದರದ ಮನೆ ಎಂದಾಗ ಗೋಡೆಯೂ ಸೇರಿ ಅಷ್ಟು ಜಾಗದ ಮೇಲೆ ನಿಂತ ಮನೆ ಕಣ್ಣ ಮುಂದೆ ಬರುತ್ತದೆ. ಫ್ಲ್ಯಾಟಿನ ಲೆಕ್ಕ ಹಾಗಲ್ಲ. ಆ ಲೆಕ್ಕ ಬಿಡಿಸಲು ಏಳನೇ ತರಗತಿಯ ಮೊಮ್ಮಗಳು ಪೆನ್ಸಿಲ್ ಹಿಡಿದು ನನ್ನ ಪಕ್ಕ ಕೂತಳು.

‘ತಾತ, ಇಲ್ಲಿ ಸೂಪರ್ ಬಿಲ್ಟ್‌ಅಪ್ ಅಂತ ಬರೆದಿದೆ. ಸೂಪರ್ ಅಂದ್ರೆ ಚೆನ್ನಾಗಿದೆ ಅಂತಾನಾ?’

ಅಲ್ಲ ಪುಟ್ಟಿ, ಎಂದು ತೆಂಗಿನಕಾಯಿಯ ಉದಾಹರಣೆ ಕೊಟ್ಟೆ. ಒಳಗಿನ ತಿರುಳೇ ಕಾರ್ಪೆಟ್ ಏರಿಯಾ, ಅಂದರೆ ನಾವು ಕಾಲಿಟ್ಟು ಓಡಾಡುವ ನೆಲ. ಅದಕ್ಕೆ ಹೊರಗೋಡೆಗಳ ದಪ್ಪ ಮತ್ತು ಬಾಲ್ಕನಿಯನ್ನು ಸೇರಿಸಿದರೆ ಬಿಲ್ಟ್‌ಅಪ್ ಏರಿಯಾ. ಅದು ಕರಟದ ಸಮೇತ ಇರುವ ಕಾಯಿ. ಮೆಟ್ಟಿಲು, ಲಿಫ್ಟು, ಕಾರಿಡಾರು, ಕ್ಲಬ್ ಹೌಸು ಇವೆಲ್ಲ ಎಲ್ಲರಿಗೂ ಸೇರಿದ ಜಾಗ. ಅದರಲ್ಲಿ ನಮ್ಮ ಪಾಲಿನದನ್ನೂ ಕೂಡಿಸಿದರೆ ಸೂಪರ್ ಬಿಲ್ಟ್‌ಅಪ್. ಅದು ಸಿಪ್ಪೆ ಸಮೇತ ತೂಗಿದ ಕಾಯಿ. ಬೆಲೆ ಹೇಳುವುದು ಸಿಪ್ಪೆ ಸಮೇತ, ಅಡುಗೆಗೆ ಬರುವುದು ತಿರುಳು ಮಾತ್ರ.

ಇವುಗಳಲ್ಲಿ ಕಾನೂನು ಅರ್ಥ ಹೇಳಿರುವುದು ಕಾರ್ಪೆಟ್ ಏರಿಯಾಕ್ಕೆ. ಜನರು ರೇರಾ ಎಂದು ಕರೆಯುವ 2016ರ ಕಾಯ್ದೆಯ ಪ್ರಕಾರ ಹೊರಗೋಡೆ, ಪೈಪುಗಳು ಹೋಗುವ ಡಕ್ಟು, ಬಾಲ್ಕನಿ, ತೆರೆದ ಟೆರೇಸು ಇವು ಕಾರ್ಪೆಟ್ ಏರಿಯಾದಲ್ಲಿ ಬರುವುದಿಲ್ಲ. ಆದರೆ ಮನೆಯೊಳಗಿನ ಅಡ್ಡಗೋಡೆಗಳ ದಪ್ಪ ಬರುತ್ತದೆ. ಸೂಪರ್ ಬಿಲ್ಟ್‌ಅಪ್ ಎಂಬ ಮಾತಿಗೆ ಆ ಕಾಯ್ದೆಯಲ್ಲಿ ಅರ್ಥವನ್ನೇ ಹೇಳಿಲ್ಲ. ಹಾಗಾಗಿ ಅದರಲ್ಲಿ ಏನೇನು ಸೇರಿದೆ ಎಂಬುದನ್ನು ಮಾರುವವರನ್ನೇ ಕೇಳಬೇಕು.

ಇನ್ನು ನಮ್ಮ ಲೆಕ್ಕ. ನಕ್ಷೆಯಲ್ಲಿ ಪ್ರತಿ ಕೋಣೆಯ ಉದ್ದ ಅಗಲ ಬರೆದಿರುತ್ತದೆ. ಮೊಮ್ಮಗಳು ಒಂದೊಂದೇ ಗುಣಿಸಿದಳು. ಊಟದ ಜಾಗವೂ ಸೇರಿ ಹಾಲ್ 10×22, ಅಂದರೆ 220. ದೊಡ್ಡ ಬೆಡ್‌ರೂಮು 11×13, ಅಂದರೆ 143. ಚಿಕ್ಕದು 10×11, ಅಂದರೆ 110. ಅಡುಗೆಮನೆ 8×9, ಅಂದರೆ 72. ಎರಡು ಬಚ್ಚಲುಮನೆ ಸೇರಿ 70. ಕೋಣೆಗಳಿಗೆ ಹೋಗುವ ಓಣಿ 4×17, ಅಂದರೆ 68. ಕೂಡಿದಾಗ 683 ಆಯಿತು. ಒಳಗಿನ ಅಡ್ಡಗೋಡೆಗಳು ಸುಮಾರು 75 ಅಡಿ ಉದ್ದ, ನಾಲ್ಕು ಇಂಚು ದಪ್ಪ, ಅದು 25. ಒಟ್ಟು ಕಾರ್ಪೆಟ್ ಏರಿಯಾ 708.

ಬಾಲ್ಕನಿ ಮತ್ತು ಬಟ್ಟೆ ಒಗೆಯುವ ಯುಟಿಲಿಟಿ ಸೇರಿ 82, ಹೊರಗೋಡೆ ಸುಮಾರು 80. ಅಲ್ಲಿಗೆ ಬಿಲ್ಟ್‌ಅಪ್ 870. ಉಳಿದ 330 ಮೆಟ್ಟಿಲು, ಲಿಫ್ಟು, ಕ್ಲಬ್ ಹೌಸಿನ ಪಾಲು.

‘ತಾತ, ಹನ್ನೆರಡು ಚದರ ಅಂದ್ರು, ಒಳಗೆ ಏಳೇ ಚದರ!’ ಎಂದು ಮೊಮ್ಮಗಳು ಕಣ್ಣರಳಿಸಿದಳು.

708ನ್ನು 1200ರಿಂದ ಭಾಗಿಸಿದರೆ ನೂರಕ್ಕೆ 59 ಬರುತ್ತದೆ. ಇದೇ ಫ್ಲ್ಯಾಟಿನ ದಕ್ಷತೆ. ಲಿಫ್ಟಿರುವ ಕಟ್ಟಡದಲ್ಲಿ ಇದು 70ರ ಆಸುಪಾಸು ಇದ್ದರೆ ಒಳ್ಳೆಯದು. 60ಕ್ಕಿಂತ ಕೆಳಗಿದ್ದರೆ ಉಳಿದದ್ದು ಎಲ್ಲಿ ಹೋಯಿತೆಂದು ಕೇಳಲೇಬೇಕು.

ಮಗನ ಪಟ್ಟಿಯಲ್ಲಿ ಇನ್ನೊಂದು ಫ್ಲ್ಯಾಟೂ ಇತ್ತು. 1100 ಚದರ ಅಡಿ, ಅಡಿಗೆ 7,000, ಒಟ್ಟು 77 ಲಕ್ಷ. ‘ಚಿಕ್ಕದು, ದರವೂ ಜಾಸ್ತಿ’ ಎಂದು ಅವನು ಅದನ್ನು ಪಕ್ಕಕ್ಕಿಟ್ಟಿದ್ದ. ಅದರ ಕೋಣೆಗಳನ್ನು ಕೂಡಿದರೆ ಕಾರ್ಪೆಟ್ ಏರಿಯಾ 770 ಬಂತು, ದಕ್ಷತೆ ನೂರಕ್ಕೆ 70. ಈಗ ಬೆಲೆಯನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ ನೋಡಿ. ಮೊದಲನೆಯದಕ್ಕೆ ಅಡಿಗೆ ಸುಮಾರು 11,017 ರೂಪಾಯಿ, ಎರಡನೆಯದಕ್ಕೆ ಸರಿಯಾಗಿ 10,000. ದುಬಾರಿ ಎಂದುಕೊಂಡದ್ದೇ ಅಗ್ಗ! ತಿಂಗಳ ಮೇಂಟೆನೆನ್ಸನ್ನೂ ಬಹಳ ಕಡೆ ಸೂಪರ್ ಬಿಲ್ಟ್‌ಅಪ್ ಮೇಲೆಯೇ ಹಾಕುತ್ತಾರೆ. ಅಡಿಗೆ ನಾಲ್ಕು ರೂಪಾಯಿ ಹಿಡಿದರೂ ಮೊದಲನೆಯದಕ್ಕೆ 4,800, ಎರಡನೆಯದಕ್ಕೆ 4,400.

ಆದರೆ ಶೇಕಡಾ ಲೆಕ್ಕ ಒಂದೇ ಸಾಲದು. ತಿರುಳಿನಲ್ಲೂ ಬಳಕೆಗೆ ಬರುವುದೆಷ್ಟು ಎಂದು ನೋಡಬೇಕು. ಮೊದಲ ಫ್ಲ್ಯಾಟಿನ 68 ಚದರ ಅಡಿಯ ಓಣಿಯಲ್ಲಿ ಒಂದು ಕುರ್ಚಿ ಹಾಕಲೂ ಆಗದು, ಅದರ ಬೆಲೆ ಮಾತ್ರ ಏಳೂವರೆ ಲಕ್ಷ ರೂಪಾಯಿ. ಎರಡನೆಯದರಲ್ಲಿ ಓಣಿ 24 ಚದರ ಅಡಿ ಅಷ್ಟೇ.

ನನಗೆ ಹೆಚ್ಚು ಯೋಚನೆಯಾದದ್ದು ಆ 10×11ರ ಚಿಕ್ಕ ಕೋಣೆಯದು. ಅದು ನಮ್ಮಿಬ್ಬರಿಗೆಂದು ಇಟ್ಟ ಕೋಣೆ. ನನ್ನ ಹೆಂಡತಿಗೆ ಮಂಡಿನೋವು, ಕೋಲು ಹಿಡಿದೇ ಓಡಾಡುವುದು. ಮೊಮ್ಮಗಳು ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಕೋಣೆಯನ್ನು ಬರೆದಳು. ಹತ್ತಡಿಯ ಗೋಡೆಯುದ್ದಕ್ಕೂ ವಾರ್ಡ್‌ರೋಬ್ ಇಟ್ಟರೆ ಅದು ಎರಡು ಅಡಿ ತಿನ್ನುತ್ತದೆ, ಉಳಿಯುವುದು ಒಂಬತ್ತು. ಆರು ಅಡಿ ಅಗಲದ ಜೋಡಿ ಮಂಚ ಹಾಕಿದರೆ ಮೂರು ಅಡಿ ಉಳಿಯಿತು. ಮಂಚವನ್ನು ಗೋಡೆಗೆ ತಾಗಿಸಿದರೆ ಒಬ್ಬರನ್ನು ದಾಟಿಯೇ ಇನ್ನೊಬ್ಬರು ಏಳಬೇಕು. ನಡುವೆ ಹಾಕಿದರೆ ಎರಡೂ ಕಡೆ ಒಂದೂವರೆ ಅಡಿ. ವಾರ್ಡ್‌ರೋಬಿನ ಬಾಗಿಲು ಪೂರ್ತಿ ತೆರೆಯದು. ಅಜ್ಜಿ ಆ ಗೆರೆಗಳ ನಡುವೆ ಕೋಲೂರಿ ನಡೆಯಲು ನೋಡಿ, ‘ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದೇ ಬೀಳುತ್ತೇನೆ’ ಎಂದಳು. ಎರಡನೇ ಫ್ಲ್ಯಾಟಿನಲ್ಲಿ ಅದೇ ಕೋಣೆ 11×12. ಒಂದೇ ಅಡಿಯ ವ್ಯತ್ಯಾಸ, ಆದರೆ ಮಂಚದ ಎರಡೂ ಕಡೆ ಎರಡೆರಡು ಅಡಿ ಸಿಕ್ಕಿತು. ಅಜ್ಜಿ ನಡೆದೇ ತೋರಿಸಿದಳು.

ಹಾಗೆಂದು ಹೊರಗಿನ ಜಾಗವೆಲ್ಲ ದಂಡವಲ್ಲ. ಹಳೆಯ ಕಾಲದ ಮೂರು ಮಹಡಿಯ ಕಟ್ಟಡದಲ್ಲಿ ಒಂದೇ ಮೆಟ್ಟಿಲಿದ್ದರೆ ದಕ್ಷತೆ ಜಾಸ್ತಿಯೇ ಬರುತ್ತದೆ, ಆದರೆ ಮಂಡಿನೋವಿನವರು ಹತ್ತಬೇಕಲ್ಲ! ಎತ್ತರದ ಕಟ್ಟಡಕ್ಕೆ ಸ್ಟ್ರೆಚರ್ ಹಿಡಿಸುವ ಲಿಫ್ಟು, ಬೆಂಕಿ ಬಿದ್ದಾಗ ಇಳಿಯಲು ಇನ್ನೊಂದು ಮೆಟ್ಟಿಲು ಬೇಕೇ ಬೇಕು. ಅದಕ್ಕೆ ಕೊಟ್ಟ ಅಡಿ ವ್ಯರ್ಥವಲ್ಲ.

ಇನ್ನೆರಡು ಎಚ್ಚರಿಕೆ. ನಕ್ಷೆಯ ಅಳತೆ ಕೆಲವೊಮ್ಮೆ ಗಾರೆ ಬಳಿಯುವ ಮುಂಚಿನದು. ಎರಡೂ ಗೋಡೆಗೆ ಗಾರೆ ಬಂದ ಮೇಲೆ ಕೋಣೆ ಒಂದು ಇಂಚಿಗೂ ಹೆಚ್ಚು ಕುಗ್ಗಬಹುದು. ಮಾದರಿ ಫ್ಲ್ಯಾಟಿಗೆ ಹೋಗುವಾಗ ಟೇಪು ಒಯ್ಯಿರಿ. ಮೂಲೆಯಿಂದ ಮುಂದೆ ಚಾಚಿದ ಪಿಲ್ಲರನ್ನೂ ಅಳೆಯಿರಿ, ಮಂಚ ನಿಲ್ಲಬೇಕಾದಲ್ಲೇ ಅದು ನಿಂತಿರುತ್ತದೆ.

ಎರಡನೆಯದು, ಕಾಗದ. ರೇರಾದಲ್ಲಿ ನೋಂದಣಿಯಾದ ಯೋಜನೆಗೆ ಫ್ಲ್ಯಾಟುಗಳ ಕಾರ್ಪೆಟ್ ಏರಿಯಾವನ್ನೂ ಬಾಲ್ಕನಿಯ ಅಳತೆಯನ್ನೂ ಬಿಲ್ಡರು ಬೇರೆ ಬೇರೆಯಾಗಿ ತಿಳಿಸಿರಬೇಕು. ಅದು ಚದರ ಮೀಟರಿನಲ್ಲಿದ್ದರೆ 10.764ರಿಂದ ಗುಣಿಸಿ. ನಮ್ಮ ಮೊದಲ ಫ್ಲ್ಯಾಟಿಗೆ 65.8 ಎಂದಿತ್ತು, ಗುಣಿಸಿದರೆ 708. ಮೊಮ್ಮಗಳ ಲೆಕ್ಕ ತಾಳೆಯಾಯಿತು. ಕರಾರುಪತ್ರದಲ್ಲೂ ಇದೇ ಅಂಕಿ ಇದೆಯೇ ನೋಡಿಕೊಳ್ಳಿ. ಆ ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹಣವನ್ನು ಬಿಲ್ಡರು ಕೇಳುವಂತಿಲ್ಲ.

ಸಂಜೆ ಮಗ ಬಂದಾಗ ಹಾಲಿನಲ್ಲಿ ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು. ‘ಅಪ್ಪ, ಮುಂಗಡಕ್ಕೆ ಚೆಕ್ ಬರೆದಿಟ್ಟಿದ್ದೆ’ ಎಂದ. ಮೊಮ್ಮಗಳು ಅವನ ಕೈ ಹಿಡಿದು, ‘ಮೊದಲು ಅಜ್ಜಿಯ ರೂಮಲ್ಲಿ ನಡೆದು ನೋಡಪ್ಪಾ’ ಎಂದಳು. ನಡೆದು ನೋಡಿದ. ಮಾರನೆಯ ಭಾನುವಾರ ನಾವು ನಾಲ್ವರೂ ಟೇಪು ಹಿಡಿದು ಎರಡನೇ ಫ್ಲ್ಯಾಟಿಗೆ ಹೊರಟೆವು.