ಸೊನ್ನೆಯಲ್ಲಿ ಗುಟ್ಟು ಬಿಡದ ಫಲನ

ಒಂದೇ ಬಿಂದುವಿನಲ್ಲಿ ನಿಂತು ಇಡೀ ವಕ್ರರೇಖೆಯನ್ನು ತಿಳಿಯುವ ಉಪಾಯವೊಂದು ಗಣಿತದಲ್ಲಿದೆ. x = 0 ಇರುವಲ್ಲಿ ರೇಖೆಯ ಎತ್ತರವೆಷ್ಟು, ಇಳಿಜಾರೆಷ್ಟು, ಆ ಇಳಿಜಾರು ಬದಲಾಗುವ ದರವೆಷ್ಟು ಎಂದು ಕೊನೆಯಿಲ್ಲದೆ ಲೆಕ್ಕ ಹಾಕುತ್ತಾ ಹೋಗಬೇಕು. ಎತ್ತರದ ನಂತರ ಬರುವ ಈ ಸಂಖ್ಯೆಗಳಿಗೆ ನಿಷ್ಪನ್ನಗಳೆಂದು ಹೆಸರು. ಇವುಗಳಿಂದ x, x², x³ಗಳ ಘಾತ ಶ್ರೇಣಿಯೊಂದನ್ನು ಕಟ್ಟಬಹುದು. ಸೈನ್, ಕೊಸೈನ್‌ಗಳ ಶ್ರೇಣಿಯನ್ನು ಕೂಡಿಸುತ್ತಾ ಹೋದರೆ ಮೂಲ ಫಲನವೇ ಸಿಗುತ್ತದೆ. ಈ ನಂಬಿಕೆಯಿಂದಲೇ ಲಗ್ರಾಂಜ್ 1797ರ ತಮ್ಮ ಗ್ರಂಥದಲ್ಲಿ ಇಡೀ ಕಲನಶಾಸ್ತ್ರವನ್ನು ಘಾತ ಶ್ರೇಣಿಗಳ ಮೇಲೆ ನಿಲ್ಲಿಸಲು ಹೊರಟಿದ್ದರು.

ಆ ಅಡಿಪಾಯ ಸಾಲದು ಎಂದು 1822ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನವರೇ ಆದ ಕೋಶಿ. ಅವರು ಮುಂದಿಟ್ಟ ಫಲನ ಇಷ್ಟೇ:

f(x) = e^(−1/x²), f(0) = 0

x ಸೊನ್ನೆಯತ್ತ ಸರಿದಂತೆ 1/x² ವಿಪರೀತ ಬೆಳೆಯುತ್ತದೆ, ಫಲನದ ಬೆಲೆ ಕುಸಿಯುತ್ತದೆ. x = 0.5 ಆದಾಗ ಬೆಲೆ ಸುಮಾರು 0.018. x = 0.2 ಆದಾಗ ದಶಮಾಂಶ ಬಿಂದುವಿನ ನಂತರ 10 ಸೊನ್ನೆಗಳು ಕಳೆದ ಮೇಲೆ ಮೊದಲ ಅಂಕಿ ಬರುತ್ತದೆ. x = 0.1 ಆದಾಗಲಂತೂ 43 ಸೊನ್ನೆಗಳು.

ಇನ್ನು ಇಳಿಜಾರು. ಅದು ಫಲನದ ಬೆಲೆಯನ್ನು 2/x³ರಿಂದ ಗುಣಿಸಿದಷ್ಟು. x = 0.1 ಇದ್ದಾಗ 2/x³ ಎಂದರೆ 2000. ಇಷ್ಟು ದೊಡ್ಡ ಸಂಖ್ಯೆಯಿಂದ ಗುಣಿಸಿದರೂ ದಶಮಾಂಶ ಬಿಂದುವಿನ ನಂತರ ಇನ್ನೂ 40 ಸೊನ್ನೆಗಳು ಉಳಿಯುತ್ತವೆ. ಮುಂದಿನ ನಿಷ್ಪನ್ನಗಳಲ್ಲಿ 1/xನ ಇನ್ನೂ ದೊಡ್ಡ ಘಾತಗಳು ಬರುತ್ತವೆ, ಆದರೆ ಯಾವ ಘಾತಕ್ಕೂ e^(−1/x²)ನ ಕುಸಿತವನ್ನು ತಡೆಯುವ ಶಕ್ತಿಯಿಲ್ಲ. ಹೀಗಾಗಿ ರೇಖೆಯಲ್ಲಿ ಎಲ್ಲೂ ಮುರಿತವಿಲ್ಲ, ಮೊನೆಯಿಲ್ಲ. ಸೊನ್ನೆಯಲ್ಲಿ ಅದರ ಎಲ್ಲ ನಿಷ್ಪನ್ನಗಳೂ ಸೊನ್ನೆಯೇ.

ಈಗ ಶ್ರೇಣಿ ಕಟ್ಟಿದರೆ ಸಿಗುವುದು 0 + 0x + 0x² + … ಎಂಬುದು ಮಾತ್ರ. xಗೆ ಯಾವ ಬೆಲೆ ಕೊಟ್ಟರೂ ಇದರ ಮೊತ್ತ ಸೊನ್ನೆ. ಶ್ರೇಣಿ ಎಲ್ಲೆಡೆ ಒಮ್ಮುಖವಾಗುತ್ತದೆ, ನಿಜ. ಆದರೆ ಅದು ಮುಟ್ಟುವುದು ಬೇರೆಯದೇ ಫಲನವನ್ನು. x = 0 ಬಿಟ್ಟು ಬೇರೆಲ್ಲಿಯೂ ಎರಡೂ ಕೂಡುವುದಿಲ್ಲ.

ಕಾರಣ ಹುಡುಕಲು ಸಮ್ಮಿಶ್ರ ಸಂಖ್ಯೆಗಳ ಕಡೆಗೆ ತಿರುಗಬೇಕು. xನ ಜಾಗದಲ್ಲಿ iy ಎಂಬ ಕಾಲ್ಪನಿಕ ಸಂಖ್ಯೆಯನ್ನು ಇಟ್ಟರೆ x² ಋಣವಾಗುತ್ತದೆ, ಫಲನ e^(1/y²) ಆಗುತ್ತದೆ. ಆ ದಿಕ್ಕಿನಿಂದ ಸೊನ್ನೆಯನ್ನು ಸಮೀಪಿಸಿದರೆ ಬೆಲೆ ಅಪರಿಮಿತವಾಗಿ ಏರುತ್ತದೆ. ವಾಸ್ತವ ಸಂಖ್ಯೆಗಳ ಸಾಲಿನಲ್ಲಿ ನಯವಾಗಿ ಕಾಣುವ ಬಿಂದು ಅಲ್ಲಿ ಭಾರಿ ಬಿರುಕು.

ಹಾಗಾದರೆ ಯಾವ ಶ್ರೇಣಿಯನ್ನು ನಂಬಬೇಕು? ಶ್ರೇಣಿ ಒಮ್ಮುಖವಾಯಿತೇ ಎಂದು ನೋಡಿದರೆ ಸಾಲದು. ಫಲನದಿಂದ ಶ್ರೇಣಿಯ ಮೊತ್ತವನ್ನು ಕಳೆದಾಗ ಉಳಿಯುವ ಶೇಷವನ್ನೂ ನೋಡಬೇಕು. ಸೈನ್‌ನಲ್ಲಿ ಪದಗಳು ಹೆಚ್ಚಿದಂತೆ ಶೇಷ ಸೊನ್ನೆಯತ್ತ ಕರಗುತ್ತದೆ. ಕೋಶಿಯ ಫಲನದಲ್ಲಿ x = 0.5 ಇಟ್ಟು ಹತ್ತು ಪದ ಕೂಡಿಸಿ, ಹತ್ತು ಲಕ್ಷ ಪದ ಕೂಡಿಸಿ, ಶೇಷ ಅದೇ 0.018.